ಕಲ್ಲು ಹೇರಿದ ದೋಣಿ

"ಸತ್ತಿದ್ದಾರೆ ಅಂತ ಕೋರ್ಟು ಒಪ್ಕೊಳ್ಳುತ್ತೆ. ಅದರಲ್ಲಿ ತಕರಾರೇ ಇಲ್ಲ. ಯಾವತ್ತು ಸತ್ತರು ಅನ್ನೋದ್ರಲ್ಲೇ ಇರೋದು ಜಗಳ" ಎಂದು ವಕೀಲಮ್ಮ ಒಂದು ಸೀನು ಸೀನಿ, ಕರವಸ್ತ್ರದಿಂದ ಮೂಗೊರೆಸಿಕೊಂಡರು. ಹಳೆಯ ಕಡತಗಳ ಧೂಳಿಗೆ ಅವರಿಗೆ ಸೀನು ನಿಲ್ಲುತ್ತಿರಲಿಲ್ಲ. ಕಡತಗಳಿಲ್ಲದೆ ಅವರಿಗೆ ಬದುಕೂ ಇರಲಿಲ್ಲ.

ಎದುರಿಗೆ ಕುಳಿತಿದ್ದ ಶೆಡ್ಡಮ್ಮ ಸುಮ್ಮನೆ ತಲೆಯಾಡಿಸಿದಳು. ಸರೋವರದ ದಡದ ದೋಣಿ ಶೆಡ್ಡನ್ನು ಒಂಟಿಯಾಗಿ ನಡೆಸತೊಡಗಿದ ಮೇಲೆ ಊರು ಅವಳಿಗೆ ಇಟ್ಟ ಹೆಸರು ಅದು. ಗಂಡ ಒಂದು ಬೆಳಿಗ್ಗೆ ದುರಸ್ತಿಯಾದ ದೋಣಿಯೊಂದನ್ನು ನೀರಿಗಿಳಿಸಿ ನೋಡಿಕೊಂಡು ಬರುತ್ತೇನೆಂದು ಹೋದವನು, ಒಂಬತ್ತು ವರ್ಷವಾದರೂ ಬಂದಿರಲಿಲ್ಲ. ದೋಣಿಯೂ ಬಂದಿರಲಿಲ್ಲ. ಅಂದು ಸಂಜೆ ಗಾಳಿ ಎದ್ದಿತ್ತು. ಮಾರನೆಯ ದಿನದಿಂದ ಊರಿನ ಅಷ್ಟೂ ದೋಣಿಗಳು ನೀರನ್ನು ಜಾಲಾಡಿದ್ದವು. ಒಂದು ಹಲಗೆ ಚೂರೂ ಸಿಕ್ಕಿರಲಿಲ್ಲ. ಆ ಸರೋವರ ಬಹಳ ಆಳ, ಬಹಳ ತಣ್ಣಗೆ. ತೆಗೆದುಕೊಂಡಿದ್ದನ್ನು ಅದು ಮೇಲಕ್ಕೆ ಕೊಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಅವನು ಸತ್ತ ಎಂಬ ಮಾತನ್ನು ಅವಳು ಅಷ್ಟು ವರ್ಷ ಬಾಯಿಂದ ಆಡಿರಲಿಲ್ಲ. ಕೊನೆಗೆ ಆಡಿಸಿದ್ದು ಶೆಡ್ಡು. ಖಾತೆ ಅವನ ಹೆಸರಲ್ಲಿತ್ತು. ಛಾವಣಿ ಬದಲಿಸಲು ಪರವಾನಗಿ ಬೇಕೆಂದರೆ ಮಾಲೀಕರನ್ನು ಕರೆದುಕೊಂಡು ಬನ್ನಿ ಎನ್ನುತ್ತಿದ್ದರು. ಮಾಲೀಕ ಬರುವುದಿಲ್ಲ ಎಂದರೆ, ಹಾಗಾದರೆ ಕೋರ್ಟಿನಿಂದ ಬರೆಸಿಕೊಂಡು ಬನ್ನಿ ಎನ್ನುತ್ತಿದ್ದರು. ಹಾಗೆ ಅವಳು ದಾವೆ ಹಾಕಿದಳು. ಹಾಕಿದ ಮೇಲೆ ಮೈದುನ ಎದ್ದು ನಿಂತ.

"ಇನ್ನೊಂದು ಸಲ ಹೇಳಿ" ಎಂದಳು. "ನನ್ನ ತಲೆಗೆ ಇದು ಹತ್ತೋದಿಲ್ಲ."

"ಯಾರ ತಲೆಗೂ ಹತ್ತೋದಿಲ್ಲ, ನಾನೂ ಮೂರು ಸಲ ಓದಿದೀನಿ" ಎಂದರು ವಕೀಲಮ್ಮ. "ನೋಡಿ. ಒಬ್ಬ ಮನುಷ್ಯ ಬದುಕಿದ್ರೆ ಅವನ ಸುದ್ದಿ ಸಹಜವಾಗಿ ಯಾರಿಗೆ ಬರಬೇಕೋ, ಅವರಿಗೆ ಏಳು ವರ್ಷ ಏನೂ ಬರಲಿಲ್ಲ ಅಂದ್ಕೊಳ್ಳಿ. ಆಗ, ಅವನು ಬದುಕಿದ್ದಾನೆ ಅಂತ ಯಾರು ಹೇಳ್ತಾರೋ ಅವರೇ ಅದನ್ನ ತೋರಿಸ್ಬೇಕು. ತೋರಿಸದಿದ್ರೆ ಸತ್ತ ಅಂತಲೇ ಲೆಕ್ಕ. ಇಲ್ಲಿವರೆಗೆ ಸರಿಯಾ?"

"ಸರಿ."

"ಆದ್ರೆ ಕಾನೂನು ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುತ್ತೆ. ಯಾವ ದಿನ ಅಂತ ಹೇಳೋದಿಲ್ಲ. ಕಾಣೆಯಾದ ದಿನವೂ ಅಲ್ಲ, ಏಳು ವರ್ಷ ತುಂಬಿದ ದಿನವೂ ಅಲ್ಲ. ಬೇರೆ ಪುರಾವೆ ಇಲ್ಲ ಅಂದ್ರೆ, ನೀವು ಕೋರ್ಟಿಗೆ ಬಂದ ದಿನಕ್ಕೆ ಅವರಿಲ್ಲ. ಅಷ್ಟೇ. ಅದಕ್ಕಿಂತ ಮುಂಚೆ ಇಂಥ ದಿನ ಸತ್ತ ಅಂತ ಯಾರಾದ್ರೂ ಅಂದ್ರೆ, ಅಂದವರೇ ಸಾಬೀತು ಮಾಡ್ಬೇಕು."

"ಅಂದಿರೋದು ಮೈದುನ."

"ಹೂಂ. ಹೋದ ದಿನವೇ ಮುಳುಗಿ ಸತ್ತ ಅಂತಾನೆ. ಆವತ್ತು ನಿಮ್ಮತ್ತೆ ಇದ್ರು. ಮಕ್ಕಳಿಲ್ಲ, ಉಯಿಲಿಲ್ಲ. ಆಸ್ತಿ ಹೆಂಡತಿಗೂ ತಾಯಿಗೂ ಸಮ ಸಮ. ನಿಮ್ಮತ್ತೆ ಹೋಗಿ ನಾಲ್ಕು ವರ್ಷ ಆಯ್ತಲ್ಲ, ಅವರ ಅರ್ಧ ಆಗ ಉಳಿದ ಮಗನಿಗೆ ಬಂತು. ಹಾಗಂತ ಅವನ ವಾದ. ಅದೇ ನಿಮ್ಮತ್ತೆ ಹೋದಾಗ ನಿಮ್ಮ ಯಜಮಾನರು ಸತ್ತಿರಲಿಲ್ಲ ಅಂದ್ರೆ, ತಾಯಿಗೆ ಬರೋಕೆ ಏನೂ ಇರಲಿಲ್ಲ. ಪೂರ್ತಿ ನಿಮ್ಮದು."

ಅರ್ಧ ಎಂದರೇನೆಂದು ಅವಳಿಗೆ ಗೊತ್ತಿತ್ತು. ಜಾಗ ಸೀಳಿದರೆ ಶೆಡ್ಡು ಒಂದು ಕಡೆ, ದೋಣಿಯನ್ನು ನೀರಿಗೆ ಜಾರಿಸುವ ಇಳಿಜಾರು ಇನ್ನೊಂದು ಕಡೆ. ಇಳಿಜಾರಿಲ್ಲದ ದೋಣಿ ಶೆಡ್ಡು ಬರೀ ಗೋಡೌನು. ಮೈದುನನಿಗೂ ಅದು ಗೊತ್ತು. ಅವನೂ ಅದೇ ಶೆಡ್ಡಿನ ಮರದ ಹೊಟ್ಟಿನಲ್ಲಿ ಹೊರಳಾಡಿ ಬೆಳೆದವನು. ಉಳಿ ಹಿಡಿಯುವುದರಲ್ಲಿ ಅಣ್ಣನಿಗೆ ಕಡಿಮೆಯಿರಲಿಲ್ಲ. ಆದರೂ ಅಪ್ಪ ಪಾಲು ಮಾಡುವಾಗ, "ನಿನ್ನದು ಅವಸರದ ಕೈ" ಎಂದು ಅವನಿಗೆ ಪೇಟೆಯ ಮನೆಯನ್ನೂ ಬಣ್ಣದ ಅಂಗಡಿಯನ್ನೂ ಕೊಟ್ಟು, ಶೆಡ್ಡನ್ನು ದೊಡ್ಡವನಿಗೆ ಬರೆದಿದ್ದ. ಆ ಮಾತು ಚಿಕ್ಕವನ ಗಂಟಲಲ್ಲಿ ಮುಳ್ಳಾಗಿ ಉಳಿದುಬಿಟ್ಟಿತ್ತು. ದಾವೆ ಹಾಕಿದ ಸುದ್ದಿ ಕೇಳಿ ಅವನು ಶೆಡ್ಡಿಗೇ ಬಂದಿದ್ದ.

"ಅತ್ತಿಗೆ, ನಾನು ನಿಮ್ಮನ್ನ ಹೊರಗೆ ಹಾಕ್ತಿಲ್ಲ. ಅರ್ಧ ನನ್ನದು. ನಾನೂ ಇಲ್ಲೇ ಕೂತು ದೋಣಿ ಕಟ್ತೀನಿ."

"ಒಂದು ಶೆಡ್ಡಲ್ಲಿ ಇಬ್ಬರು ಯಜಮಾನರಾ?"

"ಒಬ್ಬರು ಯಜಮಾನರು, ಒಬ್ಬರು ಯಜಮಾನಿ."

"ನಿನ್ನ ನಾಲಗೇನೂ ಅವಸರದ್ದೇ" ಎಂದಿದ್ದಳು. ಅದಕ್ಕೆ ಅವನು ನಕ್ಕಿರಲಿಲ್ಲ.

ಮೊದಮೊದಲು ಅವನ ಕೈಯಲ್ಲಿ ಪುರಾವೆಯೆಂದು ಏನೂ ಇರಲಿಲ್ಲ. ಗಾಳಿ ಎದ್ದಿತ್ತು ಎಂಬುದೊಂದೇ. ದೋಣಿ ಮಗುಚಿದ್ದನ್ನು ಕಂಡವರಿಲ್ಲ. ವಕೀಲಮ್ಮ, "ಗಾಳಿ ಬಂದಾಗಲೆಲ್ಲ ಜನ ಸಾಯೋದಾದ್ರೆ ಈ ಊರಲ್ಲಿ ನಾನು ನೀವು ಇರ್ತಿರಲಿಲ್ಲ" ಎಂದು ನಿಶ್ಚಿಂತರಾಗಿದ್ದರು. ಆಮೇಲೆ ಕುಡಿಯುವ ನೀರಿನ ಕೊಳವೆ ಹಾಕುವುದಕ್ಕೆಂದು ಇಂಜಿನಿಯರ್ ಒಬ್ಬ ತನ್ನ ತಂಡದೊಂದಿಗೆ ಬಂದು ಸರೋವರದ ತಳವನ್ನು ಅಳೆಯತೊಡಗಿದ. ಆಚೆ ದಡದ ಬಂಡೆಯ ಕೆಳಗೆ, ಯಾರೂ ಹುಡುಕದ ಆಳದಲ್ಲಿ, ಅವನ ಕ್ಯಾಮೆರಾ ಒಂದು ದೋಣಿಯನ್ನು ಕಂಡಿತು.

ಆ ವಿಡಿಯೊ ಚಿತ್ರದ ಒಂದು ಪ್ರತಿಯನ್ನು ಎದುರು ಪಕ್ಷದವರು ಕಳಿಸಿದ್ದರು. ಅದನ್ನು ತೋರಿಸುವುದಕ್ಕೇ ವಕೀಲಮ್ಮ ಇವತ್ತು ಅವಳನ್ನು ಕರೆಸಿದ್ದು.

"ನೋಡ್ತೀರಾ? ಬೇಡ ಅಂದ್ರೆ ಬಿಡಿ."

"ಹಾಕಿ."

ಮೊದಲು ಬರೀ ಕತ್ತಲೆ. ಬೆಳಕಿನ ಒಂದು ಕೋಲು ಆ ಕತ್ತಲೆಯೊಳಕ್ಕೆ ಹೋಗುತ್ತಿತ್ತು. ಬೆಳಕಿನಲ್ಲಿ ಹಿಟ್ಟು ಜರಡಿ ಹಿಡಿದಂತೆ ಬಿಳಿಯ ಕಣಗಳು ಸುಮ್ಮನೆ ಇಳಿಯುತ್ತಿದ್ದವು. ಎಷ್ಟೋ ಹೊತ್ತು ಅಷ್ಟೇ. ಆಮೇಲೆ ಬೆಳಕು ಏನನ್ನೋ ಮುಟ್ಟಿ ನಿಂತಿತು. ದೋಣಿಯ ಮೂತಿ. ಅದರ ಮೇಲೆ ಉಳಿಯಿಂದ ಕೊರೆದ ಮೂರು ಗೆರೆ, ಅವರ ಶೆಡ್ಡಿನ ಗುರುತು.

ಮುರಿದ ಹಲಗೆಗಳನ್ನು ನೋಡಲು ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಅಲ್ಲಿ ಮುರಿದದ್ದು ಏನೂ ಇರಲಿಲ್ಲ. ತಳದ ಮೆತ್ತನೆಯ ಕೆಸರಿನ ಮೇಲೆ ದೋಣಿ ನೆಟ್ಟಗೆ ಕುಳಿತಿತ್ತು, ಯಾರೋ ಎತ್ತಿ ಇಟ್ಟ ಹಾಗೆ. ಬಣ್ಣ ಕೂಡ ಹೋಗಿರಲಿಲ್ಲ. ಬೆಳಕು ಅಂಚಿನ ಮೇಲೆ ತೆವಳಿಕೊಂಡು ಒಳಕ್ಕೆ ಬಗ್ಗಿತು. ಒಳಗೆ ಕಲ್ಲುಗಳು. ದುಂಡನೆಯ, ನುಣ್ಣನೆಯ ಕಲ್ಲುಗಳು. ಮಧ್ಯದಲ್ಲಿ ದೊಡ್ಡವು, ಎರಡೂ ತುದಿಗೆ ಹೋಗುತ್ತಾ ಹೋಗುತ್ತಾ ಸಣ್ಣವು. ಎಲ್ಲವೂ ನಡು ಹಲಗೆಯ ಉದ್ದಕ್ಕೆ ಸಾಲಾಗಿ. ಪಕ್ಕದ ಬಾಗು ಪಟ್ಟಿಗಳ ಮೇಲೆ ಒಂದೂ ಇಲ್ಲ. ಹುಟ್ಟುಗಳೆರಡೂ ಕೂರುವ ಹಲಗೆಯ ಅಡಿಗೆ ಬಿಗಿಯಾಗಿ ಕಟ್ಟಿದ್ದವು. ತಳದ ತೂತಿನ ಬೂಚು ಕಿತ್ತು, ದಾರದಲ್ಲಿ ಪಕ್ಕಕ್ಕೆ ತೂಗುಬಿಟ್ಟಿತ್ತು. ಮೂತಿಗೆ ಕಟ್ಟಿದ ಹಗ್ಗ ಉದ್ದಕ್ಕೆ ಬಿದ್ದಿತ್ತು. ಅದರ ತುದಿ ಬಿಚ್ಚಿದ್ದಲ್ಲ, ಸವೆದು ಹರಿದದ್ದು.

ಹಲಗೆಗೂ ಹಲಗೆಗೂ ನಡುವೆ ಒಂದು ಸಂದೂ ಕಾಣಲಿಲ್ಲ. ಒಂಬತ್ತು ವರ್ಷ ನೀರು ಕುಡಿದು ಕುಡಿದು ಅಷ್ಟೂ ಹಲಗೆಗಳು ಒಂದೇ ಮರವಾಗಿಬಿಟ್ಟಿದ್ದವು. ಅಷ್ಟು ಚೆನ್ನಾಗಿ ಕೂಡಿಕೊಂಡ ದೋಣಿಯನ್ನು ಅವಳು ನೆಲದ ಮೇಲೆ ಎಂದೂ ಕಂಡಿರಲಿಲ್ಲ.

"ಕಲ್ಲು ಹೇರಿಕೊಂಡು, ಬೂಚು ತೆಗೆದು, ತಾನೇ ಮುಳುಗಿದ. ಅವರ ವಕೀಲರು ಹೇಳೋದು ಇದನ್ನೇ" ಎಂದರು ವಕೀಲಮ್ಮ ಮೆಲ್ಲಗೆ. "ಆ ದಿನವೇ ಸತ್ತ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ ಅಂತಾರೆ. ನ್ಯಾಯಾಧೀಶರು ಒಪ್ಪಿದ್ರೆ ಅರ್ಧ ಹೋಯ್ತು. ನಿಮಗೆ ಇದನ್ನ ನೋಡಿ ಏನಾದ್ರೂ ಅನಿಸುತ್ತಾ? ಏನಾದ್ರೂ?"

ಅನಿಸುವುದೇನು, ಅವಳಿಗೆ ಗೊತ್ತಿತ್ತು. ಒಣಗಿದ ದೋಣಿ ಸೋರುತ್ತದೆ. ಬಿಸಿಲಿಗೆ ಹಲಗೆ ಸಣ್ಣಗಾಗಿ ಸಂದು ಬಾಯಿ ಬಿಡುತ್ತದೆ. ಆಗ ಅದನ್ನು ಸೊಂಟ ಮುಳುಗುವಷ್ಟು ನೀರಿಗೆ ಒಯ್ದು, ಹುಟ್ಟು ಕಟ್ಟಿ, ಕಲ್ಲು ಹೇರಿ, ಬೂಚು ಕಿತ್ತು ಬೇಕೆಂದೇ ಮುಳುಗಿಸುತ್ತಾರೆ. ಎರಡು ಮೂರು ದಿನ ಬಿಟ್ಟರೆ ಮರ ನೀರು ಕುಡಿದು ಊದಿ ಸಂದುಗಳು ತಾವೇ ಮುಚ್ಚಿಕೊಳ್ಳುತ್ತವೆ. ಕಾಳು ನೆನೆಹಾಕಿದ ಹಾಗೆ, ದೋಣಿ ನೆನೆಹಾಕುವುದು. ಕಲ್ಲನ್ನು ಪಟ್ಟಿಗಳ ಮೇಲಿಟ್ಟರೆ ಪಟ್ಟಿ ಬಿರಿಯುತ್ತದೆ. ನಡು ಹಲಗೆಯ ಮೇಲೆ ಮಾತ್ರ, ದೊಡ್ಡದು ಮಧ್ಯೆ. ಮಾವ ಹಾಗೆಂದು ಇಬ್ಬರು ಮಕ್ಕಳಿಗೂ ಕಲಿಸಿದ್ದ. ನೋಡಿ ನೋಡಿ ಅವಳೂ ಕಲಿತಿದ್ದಳು. ಸರ್ವೆಯವರಿಗೆ, ವಕೀಲರಿಗೆ, ಪೊಲೀಸರಿಗೆ ಅದು ಬರೀ ಕಲ್ಲು.

ಆಚೆ ದಡದ ಬಂಡೆಯ ಬುಡದಲ್ಲಿ ಒಂದು ಆಳವಿಲ್ಲದ ಮೆಟ್ಟಿಲಿದೆ, ಅದರಾಚೆ ಒಮ್ಮೆಗೇ ಪಾತಾಳ. ದೋಣಿ ಸೋರತೊಡಗಿದಾಗ ಅವನು ಹತ್ತಿರದ ಆ ದಡಕ್ಕೆ ಸೇರಿದ್ದಾನೆ. ಮೆಟ್ಟಿಲ ಮೇಲೆ ನೆನೆಹಾಕಿ, ಹಗ್ಗ ಕಟ್ಟಿದ್ದಾನೆ. ಸಂಜೆಯ ಗಾಳಿಗೆ ಹಗ್ಗ ಬಂಡೆಗೆ ಉಜ್ಜಿ ಹರಿದಿದೆ, ದೋಣಿ ಆಳಕ್ಕೆ ಜಾರಿದೆ.

ಅಂದರೆ ಅವನು ದೋಣಿಯಲ್ಲಿರಲಿಲ್ಲ. ಒದ್ದೆ ಕಾಲಲ್ಲಿ ದಡ ಹತ್ತಿದ್ದ.

ಈ ಒಂದು ಮಾತು ಹೇಳಿದರೆ ಶೆಡ್ಡು ಪೂರ್ತಿ ಅವಳದು. ಆದರೆ ನಾಲಗೆ ಏಳಲಿಲ್ಲ. ಒಂಬತ್ತು ವರ್ಷ ಅವಳು ಬೆಳಿಗ್ಗೆ ಬಾಗಿಲು ತೆರೆದು ನೀರನ್ನು ನೋಡಿದ್ದಳು. ಅವನು ಅಲ್ಲಿದ್ದಾನೆ ಎಂಬ ಗಟ್ಟಿ ನಂಬಿಕೆಯ ಮೇಲೆ ಊಟ ಮಾಡಿದ್ದಳು, ಕೆಲಸ ಮಾಡಿದ್ದಳು, ನಿದ್ದೆ ಮಾಡಿದ್ದಳು. ಈಗ ಇದ್ದಕ್ಕಿದ್ದ ಹಾಗೆ ಅವನಿಗೆ ಕಾಲು ಬಂದಿತ್ತು. ಕಾಲಿರುವವನು ಎಲ್ಲಿಗಾದರೂ ನಡೆದುಹೋಗಬಹುದು. ಬಿಟ್ಟು ಹೋಗಬಹುದು.

"ಏನೂ ಅನಿಸ್ತಿಲ್ಲ" ಎಂದಳು.

ವಕೀಲಮ್ಮ ಅವಳ ಮುಖವನ್ನೇ ನೋಡಿದರು. "ನಿಮಗೆ ಸುಳ್ಳು ಹೇಳೋಕೆ ಬರಲ್ಲ" ಎಂದು ಇನ್ನೊಂದು ಸೀನು ಸೀನಿದರು.

ವಿಚಾರಣೆಯ ದಿನ ಕೋರ್ಟಿನ ಕೋಣೆ ತುಂಬಿತ್ತು. ದೋಣಿಯ ಚಿತ್ರ ತೋರಿಸುತ್ತಾರಂತೆ ಎಂಬ ಸುದ್ದಿ ದಡದ ಉದ್ದಕ್ಕೂ ಹಬ್ಬಿ, ಬೇರೆ ಬೇರೆ ಕೇಸಿಗೆ ಬಂದವರೂ ಬೆಂಚಿಗೆ ಅಂಟಿಕೊಂಡಿದ್ದರು. ಅವಳ ಪರದ ಸಾಕ್ಷ್ಯ ಹಿಂದೆಯೇ ಮುಗಿದಿತ್ತು. ಹುಡುಕಿದ ಪೊಲೀಸರು, ಪತ್ರಿಕೆಗೆ ಕೊಟ್ಟ ಪ್ರಕಟಣೆ, ಒಂಬತ್ತು ವರ್ಷ ಒಂದು ಫೋನೂ ಬರಲಿಲ್ಲ ಎಂಬ ಅವಳದೇ ಮಾತು, ಎಲ್ಲ ದಾಖಲಾಗಿತ್ತು. ಇವತ್ತು ಮೈದುನನ ಸರದಿ. ಮೊದಲು ಸರ್ವೆಯ ಇಂಜಿನಿಯರ್ ನಿಂತು ಚಿತ್ರ ತನ್ನದೇ ಕ್ಯಾಮೆರಾದ್ದೆಂದು ಹೇಳಿದ. ಗೋಡೆಯ ಪರದೆಯ ಮೇಲೆ ಕತ್ತಲೆ ತೆರೆದುಕೊಂಡಿತು.

ದೋಣಿ ಕಂಡಾಗ ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೆರಳಚ್ಚಿನ ಹೆಂಗಸು ಕೀಲಿಗಳ ಮೇಲೆ ಕೈಯಿಟ್ಟುಕೊಂಡೇ ಮರೆತಳು. ಬಾಗಿಲ ಬಳಿಯ ಜವಾನ, ಯಾರೂ ಹೇಳದಿದ್ದರೂ, ತಲೆಯ ಟೋಪಿ ತೆಗೆದ.

ಶೆಡ್ಡಮ್ಮ ಪರದೆಯನ್ನು ನೋಡಲಿಲ್ಲ. ಮೈದುನನನ್ನು ನೋಡಿದಳು. ಅವನ ತುಟಿ ಅಲುಗುತ್ತಿತ್ತು. ಕಲ್ಲುಗಳ ಸಾಲನ್ನು ಅವನ ಕಣ್ಣು ತುದಿಯಿಂದ ತುದಿಗೆ ಸವರಿಕೊಂಡು ಹೋಗುತ್ತಿತ್ತು. ಅವನಿಗೂ ಗೊತ್ತಾಗಿದೆ. ಚಿತ್ರವನ್ನು ಮೊದಲ ಸಲ ನೋಡಿದ ದಿನವೇ ಗೊತ್ತಾಗಿರಬೇಕು. ಆದರೂ ಇಲ್ಲಿವರೆಗೆ ತಂದಿದ್ದಾನೆ.

ಅವನು ಕಟಕಟೆ ಹತ್ತಿ ಪ್ರಮಾಣ ಮಾಡಿದ. ಅವನ ವಕೀಲ ಎತ್ತರದ ಮನುಷ್ಯ, ದನಿ ಅದಕ್ಕಿಂತ ಎತ್ತರ.

"ಈ ದೋಣಿ ನಿಮ್ಮ ಅಣ್ಣನವರದ್ದೇ?"

"ಹೌದು."

"ಆ ದಿನ ತಗೊಂಡು ಹೋಗಿದ್ದು ಇದೇ?"

"ಇದೇ."

"ಒಳಗೆ ಕಲ್ಲುಗಳಿವೆ. ಬೂಚು ಕಿತ್ತಿದೆ. ಅಲ್ವಾ?"

"ಹೌದು."

"ಅಷ್ಟು ಸಾಕು" ಎಂದು ವಕೀಲ ಕೂತ. ಜಾಣ. ಯಾಕೆ ಎಂದು ಕೇಳಲಿಲ್ಲ. ಮೈದುನನೂ ಒಂದು ಸುಳ್ಳೂ ಹೇಳಲಿಲ್ಲ.

ವಕೀಲಮ್ಮ ಪಾಟಿ ಸವಾಲಿಗೆ ಎದ್ದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಆ ದಿನ ಗಾಳಿ ಎಷ್ಟು ಹೊತ್ತಿಗೆ ಬಂತು, ನೀವು ಎಲ್ಲಿದ್ದಿರಿ ಎಂದು ಸುತ್ತಿ ಬಳಸಿ ಕೇಳಿದರು. ಎಲ್ಲವೂ ಜಾರಿ ಹೋಯಿತು. ಇನ್ನೇನು ಕೂರಬೇಕು, ಅಷ್ಟರಲ್ಲಿ ಹಿಂದಿನಿಂದ ಯಾರೋ ಅವರ ಕರಿ ಕೋಟಿನ ತೋಳು ಜಗ್ಗಿದರು.

ಶೆಡ್ಡಮ್ಮನಿಗೆ ತಾನು ಎದ್ದದ್ದು ತಿಳಿದಿರಲಿಲ್ಲ. ಶೆಡ್ಡಿಗಾಗಿ ಎದ್ದಳೋ ಇಲ್ಲವೇ ಇನ್ನು ಆ ಮಾತನ್ನು ಒಬ್ಬಳೇ ಹೊರಲಾರದೆ ಎದ್ದಳೋ, ಅದೂ ತಿಳಿಯಲಿಲ್ಲ. ವಕೀಲಮ್ಮನ ಕಿವಿಯ ಹತ್ತಿರ ಬಗ್ಗಿ, "ಕಲ್ಲು ನಡು ಹಲಗೆ ಮೇಲೇ ಯಾಕಿದೆ ಅಂತ ಕೇಳಿ. ಹುಟ್ಟು ಯಾಕೆ ಕಟ್ಟಿದೆ ಅಂತ ಕೇಳಿ" ಎಂದಳು.

"ಉತ್ತರ ಏನು?"

"ಅವನು ಹೇಳಲಿ."

"ಉತ್ತರ ಗೊತ್ತಿಲ್ದೆ ನಾನು ಪ್ರಶ್ನೆ ಕೇಳಿದವಳೇ ಅಲ್ಲ."

"ಇವತ್ತು ಕೇಳಿ."

ವಕೀಲಮ್ಮ ತಿರುಗಿ ಕೇಳಿದರು.

ಮೈದುನ ಕಟಕಟೆಯ ಅಂಚನ್ನು ಹೆಬ್ಬೆರಳಿಂದ ಸವರಿದ, ಮರದ ಮೈ ನೋಡುವವರ ಹಾಗೆ. ಗೊತ್ತಿಲ್ಲ ಎಂದರೆ ಮುಗಿಯಿತು. ಯಾರೂ ಅವನನ್ನು ಹಿಡಿಯಲಾರರು. ಅತ್ತಿಗೆಯೊಬ್ಬಳನ್ನು ಬಿಟ್ಟು.

"ಸಾಕ್ಷಿ, ಉತ್ತರ ಕೊಡಿ" ಎಂದರು ನ್ಯಾಯಾಧೀಶರು.

"ಪಟ್ಟಿ ಮೇಲಿಟ್ರೆ ಪಟ್ಟಿ ಬಿರಿಯುತ್ತೆ ಸ್ವಾಮಿ."

"ಮುಳುಗೋ ದೋಣಿಯ ಪಟ್ಟಿ ಬಿರಿದ್ರೆ ಏನು?" ಎಂದು ನ್ಯಾಯಾಧೀಶರೇ ಕೇಳಿದರು.

ಮೈದುನ ಪರದೆಯ ಕಡೆ ತಿರುಗಿದ. ದೋಣಿ ಅಲ್ಲೇ ನಿಂತಿತ್ತು. ಅವನ ದನಿ ಬಂದಾಗ ಅದು ಕೋರ್ಟಿಗೆ ಹೇಳುವ ದನಿಯಾಗಿರಲಿಲ್ಲ.

"ಇದು ಮುಳುಗಿದ ದೋಣಿ ಅಲ್ಲ ಸ್ವಾಮಿ. ನೆನೆಹಾಕಿದ ದೋಣಿ."

ಅವನ ವಕೀಲ ಎದ್ದು ನಿಂತ. ನ್ಯಾಯಾಧೀಶರು ಕೈ ಮಾಡಿ ಕೂರಿಸಿದರು. ಮೈದುನ ಹೇಳುತ್ತಾ ಹೋದ. ಒಣಗಿದ ಹಲಗೆ, ಸಂದು, ಸೊಂಟದ ನೀರು, ಕಲ್ಲಿನ ಸಾಲು, ಹರಿದ ಹಗ್ಗ. ಒಂದನ್ನೂ ಬಿಡಲಿಲ್ಲ. ಬೆರಳಚ್ಚಿನ ಹೆಂಗಸು ಎರಡು ಸಲ ನಿಧಾನ ನಿಧಾನ ಎಂದಳು.

"ಹಾಗಾದ್ರೆ ನಿಮ್ಮ ಅಣ್ಣ ಜೀವಂತ ದಡ ಹತ್ತಿದ್ರು" ಎಂದರು ವಕೀಲಮ್ಮ. ಅವರಿಗೇ ಅದನ್ನು ನಂಬಲಾಗುತ್ತಿರಲಿಲ್ಲ.

"ಹತ್ತಿದ್ದಾನೆ."

"ಹತ್ತಿ ಎಲ್ಲಿಗೋ ಹೊರಟುಹೋದ್ರು."

"ಇಲ್ಲ."

"ಇಲ್ಲ ಅಂದ್ರೆ?"

"ಬಿಟ್ಟು ಹೋಗೋನು ದೋಣೀನ ಯಾಕಮ್ಮಾ ನೆನೆಹಾಕ್ತಾನೆ?" ಎಂದ ಅವನು. ಸಿಟ್ಟು ಬಂದಿತ್ತು. "ಒದ್ದು ಬಿಟ್ಟು ಹೋಗ್ತಾನೆ. ನೆನೆಹಾಕೋದು ಮತ್ತೆ ಬಂದು ತಗೊಳ್ಳೋಕೆ. ಹುಟ್ಟು ಕಟ್ಟೋದು ಕಳೆದುಹೋಗಬಾರದು ಅಂತ. ಒಂದೊಂದು ಕಲ್ಲೂ ನೋಡಿ, ಎಷ್ಟು ಸಮಾಧಾನವಾಗಿ ಇಟ್ಟಿದ್ದಾನೆ. ಎರಡು ದಿನ ಬಿಟ್ಟು ಬಂದು ದೋಣಿ ಎತ್ಕೊಂಡು ಹೋಗೋಣ ಅಂತ ಮನೆಗೆ ಹೊರಟಿದ್ದಾನೆ ಅವನು. ಗುಡ್ಡದ ದಾರಿ ಹಿಡಿದು ಮನೆಗೆ ಹೊರಟಿದ್ದಾನೆ."

ಶೆಡ್ಡಮ್ಮ ಬೆಂಚಿನ ತುದಿಯನ್ನು ಹಿಡಿದುಕೊಂಡಳು. ಅವಳ ತಲೆಗೆ ಅದು ಹೊಳೆದಿರಲಿಲ್ಲ. ಕಾಲು ಕಂಡವಳು ಕಾಲು ತಿರುಗಿದ ದಿಕ್ಕನ್ನು ಕಂಡಿರಲಿಲ್ಲ. ಪರದೆಯ ಮೇಲೆ ಕಣಗಳು ಇಳಿಯುತ್ತಲೇ ಇದ್ದವು, ಕಲ್ಲುಗಳ ಮೇಲೆ, ಕಟ್ಟಿದ ಹುಟ್ಟುಗಳ ಮೇಲೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಅಳು ಬಂತು. ಬಂದದ್ದು ಸದ್ದು ಮಾಡಲಿಲ್ಲ.

ತೀರ್ಪು ಬರಲು ಕೆಲವು ವಾರ ಹಿಡಿಯಿತು. ಅದಕ್ಕೆ ಮುಂಚೆ ಎತ್ತರದ ವಕೀಲ ಇನ್ನೊಂದು ಪಟ್ಟು ಹಾಕಿ ನೋಡಿದ. ಮನೆಗೆ ಹೊರಟವನು ಮನೆ ಸೇರಲಿಲ್ಲ ಎಂದರೆ ದಾರಿಯಲ್ಲೇ, ಆ ದಿನವೇ ಸತ್ತಿರಬೇಕು ಎಂದ. ವಕೀಲಮ್ಮನಿಗೂ ಅದು ತೆಗೆದುಹಾಕುವಂಥ ಮಾತೆನಿಸಲಿಲ್ಲ. ನ್ಯಾಯಾಧೀಶರು ಓದುವಾಗ ಆ ಜಾಗಕ್ಕೆ ಬಂದು ನಿಂತರು. ಕಾಗದದಿಂದ ತಲೆಯೆತ್ತಿದರು.

"ಇರಬಹುದು" ಎಂದರು. "ಅದೇ ದಿನ ಇರಬಹುದು. ಮಾರನೇ ದಿನ ಇರಬಹುದು. ಪೆಟ್ಟು ಬಿದ್ದು, ತಾನು ಯಾರು ಅಂತ ಮರೆತು, ಎಲ್ಲೋ ಎಷ್ಟೋ ವರ್ಷ ಬದುಕಿದ್ದಿರಲೂಬಹುದು. ಈ ನ್ಯಾಯಾಲಯಕ್ಕೆ ಗೊತ್ತಿಲ್ಲ. ಊಹೆ ಎಷ್ಟೇ ಚೆನ್ನಾಗಿದ್ರೂ ಅದು ಪುರಾವೆ ಆಗೋದಿಲ್ಲ."

ಆಮೇಲೆ ಉಳಿದದ್ದನ್ನು ಓದಿದರು. ದಾವೆ ಹೂಡಿದ ದಿನಕ್ಕೆ ಆ ಮನುಷ್ಯ ಬದುಕಿಲ್ಲವೆಂದು ಭಾವಿಸತಕ್ಕದ್ದು. ಅದಕ್ಕೂ ಮುಂಚೆ, ತಾಯಿ ತೀರಿಕೊಳ್ಳುವ ಮೊದಲೇ ಸತ್ತನೆಂದು ಪ್ರತಿವಾದಿ ಸಾಬೀತು ಮಾಡಿಲ್ಲ. ಆದ್ದರಿಂದ ಆಸ್ತಿಗೆ ಹೆಂಡತಿಯೊಬ್ಬಳೇ ವಾರಸುದಾರಳು.

ಓದಿದ್ದು ತಣ್ಣನೆಯ ದನಿಯಲ್ಲಿ. ಆದರೂ ಅವಳಿಗೆ ದೊಡ್ಡದೊಂದು ಬಾಗಿಲು ಎಲ್ಲೋ ಮೇಲೆ ಮುಚ್ಚಿದ ಹಾಗಾಯಿತು. ಒಬ್ಬ ಮನುಷ್ಯ ಸತ್ತ. ಯಾರೂ ಮುಟ್ಟಲಿಲ್ಲ, ಯಾರೂ ಕಾಣಲಿಲ್ಲ, ಮಾತಿನಲ್ಲಿ ಸತ್ತ. ಅದಕ್ಕೂ ಅವಳೇ ದಿನ ಗೊತ್ತು ಮಾಡಿದ್ದಳು. ದಾವೆ ಹಾಕಿದ ಆ ದಿನ ವಕೀಲಮ್ಮನಿಗೆ ಬಿಡುವಿತ್ತು, ಅವಳಿಗೆ ಕೆಲಸ ಕಡಿಮೆಯಿತ್ತು, ಮೋಡವಿತ್ತು. ಇಬ್ಬರೂ ಕೋರ್ಟಿನ ಕಿಟಕಿಯಲ್ಲಿ ಕಾಗದ ಕೊಟ್ಟು, ಕಾಫಿ ಕುಡಿದು ಬಂದಿದ್ದರು. ಅಲ್ಲಿಯವರೆಗೆ ಅಷ್ಟು ವರ್ಷ ಅವಳು ಉಳಿ ಹಿಡಿದದ್ದು, ಮರ ಕೊಯ್ದದ್ದು, ಬಾಗಿಲು ಹಾಕಿದ್ದು, ಎಲ್ಲ ಬದುಕಿದ್ದವನ ಶೆಡ್ಡಿನಲ್ಲಿ.

ಹೊರಗೆ ಜಗಲಿಯಲ್ಲಿ ಮೈದುನ ಗೋಡೆಗೊರಗಿ ನಿಂತಿದ್ದ. ಅವನ ವಕೀಲ ಮುಖ ಊದಿಸಿಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದ.

"ಬೈದ್ರಾ?" ಎಂದಳು.

"ನಿನ್ನಂಥ ಸಾಕ್ಷಿ ಇದ್ರೆ ಎದುರು ಪಕ್ಷಕ್ಕೆ ವಕೀಲರೇ ಬೇಡ ಅಂದ್ರು." ಅವನು ನಗಲು ನೋಡಿದ. "ಅತ್ತಿಗೆ, ಒಂದು ಕೇಳ್ಲಾ? ಅಮ್ಮ ಹೋದ ದಿನ ಅಣ್ಣ ಇದ್ದ ಅಂತ ತಾನೇ ಇದರರ್ಥ?"

ಹಿಂದೆಯೇ ಬಂದ ವಕೀಲಮ್ಮ ಬಾಯಿ ಹಾಕಿದರು. "ಹಾಗೆ ಕೋರ್ಟು ಹೇಳಿಲ್ಲ. ಇರಲಿಲ್ಲ ಅಂತ ನೀವು ತೋರಿಸಲಿಲ್ಲ ಅಂದಿದೆ. ಎರಡಕ್ಕೂ ವ್ಯತ್ಯಾಸ ಇದೆ."

"ಅಷ್ಟು ದೊಡ್ಡ ವ್ಯತ್ಯಾಸವಾ?"

"ಬಹಳ. ಅವರು ಇದ್ರು ಅಂತಾದ್ರೆ ನಿಮ್ಮಮ್ಮನ ಒಡವೇಲಿ ಇವರು ಗಂಡನ ಪಾಲು ಕೇಳಬಹುದು. ಹಾಗೆ ಕೇಳಬೇಕಾದ್ರೆ, ಆ ದಿನ ಅವರು ಬದುಕಿದ್ರು ಅಂತ ಇವರು ಸಾಬೀತು ಮಾಡ್ಬೇಕು. ಇವರ ಕೈಲೂ ಆಗಲ್ಲ."

"ಒಡವೆ ನಿನ್ನ ಹೆಂಡತಿ ಹಾಕ್ಕೊಳ್ಳಲಿ ಬಿಡು" ಎಂದಳು ಶೆಡ್ಡಮ್ಮ. "ನನಗೆ ಆ ಭಾರದ ಓಲೆ ಹಾಕಿದ್ರೆ ಕಿವಿ ಹರಿಯುತ್ತೆ."

ಈ ಸಲ ಅವನು ನಿಜವಾಗಿ ನಕ್ಕ. ಜಗಲಿಯ ಕಂಬಗಳ ನಡುವೆ ದೂರದಲ್ಲಿ ಆಚೆ ದಡದ ಗುಡ್ಡ ಕಾಣುತ್ತಿತ್ತು.

"ಗುಡ್ಡದಲ್ಲಿ ಯಾರೂ ಹುಡುಕಲೇ ಇಲ್ಲ" ಎಂದಳು ಅವಳು.

"ಎಲ್ಲರೂ ನೀರನ್ನೇ ನೋಡ್ತಿದ್ವಿ."

"ನಾಳೆ ಹೋಗೋಣ."

ವಕೀಲಮ್ಮ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. ದನಿ ತಗ್ಗಿಸಿದರು. "ನಿಮಗೆ ತಲೆ ಕೆಟ್ಟಿದೆಯಾ? ಅವರಿಗೆ ಇನ್ನೂ ಅಪೀಲಿಗೆ ಸಮಯ ಇದೆ. ಗುಡ್ಡದಲ್ಲಿ ಏನಾದ್ರೂ ಸಿಕ್ಕಿತು ಅನ್ನಿ. ಮೂಳೆ, ಬಟ್ಟೆ, ಏನೋ ಒಂದು. ಆವತ್ತೇ ಬಿದ್ದು ಸತ್ತಿದ್ದು ಅಂತ ಅದರಿಂದ ಗೊತ್ತಾದ್ರೆ, ಮೇಲಿನ ಕೋರ್ಟು ಇದನ್ನೆಲ್ಲ ಅಡಿಮೇಲು ಮಾಡಬಹುದು. ಅರ್ಧ ಹೋಗುತ್ತೆ. ಸಿಗದೇ ಇದ್ರೇನೇ ನಿಮಗೆ ಕ್ಷೇಮ."

"ಗೊತ್ತಾಯ್ತು" ಎಂದಳು.

"ಗೊತ್ತಾದ ಮೇಲೂ?"

"ಮನೆಗೆ ಹೊರಟೋರು ದಾರೀಲಿ ಕೂತುಬಿಟ್ಟಿದ್ದಾರೆ. ಯಾರಾದ್ರೂ ಹೋಗ್ಬೇಕಲ್ಲ."

ವಕೀಲಮ್ಮ ಕೈ ಬಿಟ್ಟರು. ಅವರಿಗೆ ಸೀನು ಬರಲಿಲ್ಲ.

ಮರುದಿನ ಇಬ್ಬರೂ ಒಂದೇ ದೋಣಿಯಲ್ಲಿ ಹೊರಟರು. ಮೈದುನ ಹುಟ್ಟು ಹಾಕಿದ. ನೀರು ಗಾಜಿನ ಹಾಗಿತ್ತು. ಬಂಡೆಯ ಮೆಟ್ಟಿಲ ಮೇಲೆ ಬಂದಾಗ ಅವನು ಹುಟ್ಟು ಎತ್ತಿ ಹಿಡಿದು, ದೋಣಿ ತಾನಾಗಿ ತೇಲಲು ಬಿಟ್ಟ. ಕೆಳಗೆ ತಿಳಿ ಹಸಿರು, ಒಂದು ಮಾರು ದಾಟಿದರೆ ಕಡು ನೀಲಿ, ಅದರಾಚೆ ಕಪ್ಪು. ಬಂಡೆಯ ಒಂದು ಕೊರಕಲಲ್ಲಿ ಹರಿದ ಹಗ್ಗದ ಗಂಟೊಂದು ಇನ್ನೂ ಸಿಕ್ಕಿಕೊಂಡಿತ್ತು. ಮೈದುನ ಅದನ್ನು ಬೆರಳಿಂದ ಮುಟ್ಟಿದ.

ದೋಣಿ ಕಟ್ಟಿ ದಡ ಹತ್ತಿದರು. ನೀರಿನಿಂದ ನೋಡುವಾಗ ಗುಡ್ಡ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಬುಡದಲ್ಲಿ ನಿಂತು ಕತ್ತು ಹಿಂದಕ್ಕೆ ಬಾಗಿಸಿದರೂ ತುದಿ ಕಾಣಲಿಲ್ಲ. ಪೊದೆ, ಬಂಡೆ, ಅದರ ಮೇಲೆ ಮತ್ತೆ ಪೊದೆ, ಮತ್ತೆ ಬಂಡೆ, ಎಲ್ಲದರ ಮೇಲೆ ಬಿಳಿ ಬಿಸಿಲು. ಒಬ್ಬ ಮನುಷ್ಯನನ್ನು ಇಟ್ಟುಕೊಂಡು ಸುಮ್ಮನಿರುವುದು ಅದಕ್ಕೆ ಯಾವ ಲೆಕ್ಕ. ಅವಳಿಗೆ ಹೆದರಿಕೆಯಾಗಲಿಲ್ಲ. ಅಷ್ಟು ದೊಡ್ಡದರ ಮುಂದೆ ಹೆದರಿಕೆಗೂ ಜಾಗವಿರಲಿಲ್ಲ.

ಸ್ವಲ್ಪ ಮೇಲೆ ಕಾಲುದಾರಿ ಎರಡಾಗಿ ಒಡೆದಿತ್ತು.

"ಯಾವ ಕಡೆ ಅತ್ತಿಗೆ?" ಎಂದ ಮೈದುನ. "ಬಲಗಡೆಯದು ಹೆದ್ದಾರಿಗೆ ಹೋಗುತ್ತೆ. ಅಲ್ಲಿ ಬಸ್ಸು ಸಿಗುತ್ತೆ, ಎಲ್ಲಿಗೆ ಬೇಕಾದ್ರೂ."

"ಎಡಗಡೆಯದು?"

"ಕೊರಕಲು ದಾಟಿ, ಸುತ್ತಿಕೊಂಡು, ನಮ್ಮ ಶೆಡ್ಡಿನ ಹಿಂದೆ ಬರುತ್ತೆ. ಕಷ್ಟದ ದಾರಿ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಡಕ್ಕೆ ನಡಿ" ಎಂದಳು.